ಆ ಕರಡಿ ಅಲ್ಲಿಗೆ ಹೇಗೆ ಬಂತು?

ಪ್ರಶ್ನೆ: ಡಾಕ್ಟರ್ ಸರ್, ನಾನು ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ‘ಕಾಡುಪ್ರಾಣಿಗಳನ್ನು ಮೃಗಾಲಯದಲ್ಲಿ ಇಡುವುದು ಸರಿ’ ಎಂಬ ವಿಷಯದ ಪರವಾಗಿ ಮಾತನಾಡುವಂತೆ ನನಗೆ ಚೀಟಿ ಬಂದಿದೆ. ಭಾಷಣಕ್ಕೆ ನಾಲ್ಕು ನಿಮಿಷ, ಪ್ರತಿವಾದಕ್ಕೆ ಎರಡು ನಿಮಿಷ. ಕಳೆದ ತಿಂಗಳು ಶಾಲಾ ಪ್ರವಾಸದಲ್ಲಿ ಒಂದು ಮೃಗಾಲಯಕ್ಕೆ ಹೋಗಿದ್ದೆವು. ಅಲ್ಲಿ ಒಂದು ಕರಡಿ ಗೋಡೆಯ ಪಕ್ಕ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇತ್ತು. ಕುಣಿಯುತ್ತಿದೆ ಎಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದು ನೆನಪಾದಾಗಲೆಲ್ಲ ಪರವಾಗಿ ಮಾತನಾಡುವುದು ಸುಳ್ಳು ಹೇಳಿದಂತೆ ಅನ್ನಿಸುತ್ತದೆ. ‘ಮೃಗಾಲಯದಲ್ಲಿ ಊಟ, ಔಷಧ ಸಿಗುತ್ತದೆ, ಪ್ರಾಣಿಗಳು ಹೆಚ್ಚು ಕಾಲ ಬದುಕುತ್ತವೆ’ ಎಂದು ಅಪ್ಪ ಬರೆದುಕೊಟ್ಟಿದ್ದಾರೆ. ಅಷ್ಟು ಸಾಕೇ? ಎದುರು ತಂಡದವರು ಏನು ಕೇಳಬಹುದು?

ಉತ್ತರ: ನೀನು ನಗದೆ ಇದ್ದದ್ದು ಸರಿ. ಅದು ಕುಣಿತವಲ್ಲ. ಇಪ್ಪತ್ತೆಂಟು ವರ್ಷ ಮೃಗಾಲಯಗಳಲ್ಲಿ ಪಶುವೈದ್ಯನಾಗಿದ್ದ ನಾನು ಆ ತಲೆಯಾಟವನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ನೋವಾಗಿದೆ. ಹಾಗಾಗಿ ಭಾಷಣಕ್ಕಿಂತ ಮೊದಲು ಆ ಕರಡಿಯ ಬಗ್ಗೆಯೇ ಮಾತನಾಡೋಣ. ನಿನ್ನ ವಾದದ ತಿರುಳು ಅಲ್ಲೇ ಇದೆ.

ನಮ್ಮ ಕಾಡಿನ ಕರಡಿಗೆ ಹೊಟ್ಟೆ ತುಂಬಿಸಿಕೊಳ್ಳುವುದೆಂದರೆ ರಾತ್ರಿಯಿಡೀ ದುಡಿಮೆ. ಮೂಗನ್ನು ನೆಲಕ್ಕೆ ಹಚ್ಚಿ ನಡೆಯುತ್ತದೆ, ಗೆದ್ದಲ ವಾಸನೆ ಸಿಕ್ಕಿದಲ್ಲಿ ಉದ್ದ ಉಗುರುಗಳಿಂದ ಹುತ್ತ ಒಡೆಯುತ್ತದೆ, ಮಣ್ಣನ್ನು ಊದಿ ತಳ್ಳಿ ಹುಳುಗಳನ್ನು ಬಾಯಿಗೆ ಎಳೆದುಕೊಳ್ಳುತ್ತದೆ. ಅದಕ್ಕೆಂದೇ ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲುಗಳಿಲ್ಲ. ಆ ಸಂದಿಯಿಂದ ಹೀರುವ ಸದ್ದು ಕಾಡಿನಲ್ಲಿ ದೂರದವರೆಗೂ ಕೇಳುತ್ತದೆ. ಇಂಥ ಪ್ರಾಣಿಯ ಮುಂದೆ ರಾಗಿ ಅಂಬಲಿಯ ಬಟ್ಟಲಿಟ್ಟರೆ ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ. ಹೊಟ್ಟೆ ತುಂಬಿತು ನಿಜ, ಆದರೆ ಹುಡುಕಬೇಕು, ಅಗೆಯಬೇಕು ಎಂಬ ಒತ್ತಡ ಹಾಗೆಯೇ ಉಳಿಯಿತು. ಹೋಗಲು ದಾರಿಯಿಲ್ಲದ ಆ ಒತ್ತಡ ಒಂದೇ ಚಲನೆಯ ಪುನರಾವರ್ತನೆಯಾಗಿ ಹೊರಗೆ ಬರುತ್ತದೆ. ಹುಲಿಯಲ್ಲಿ ಅದು ಬೇಲಿಯುದ್ದಕ್ಕೂ ಓಡಾಟ, ಆನೆಯಲ್ಲಿ ಮೈ ತೂಗಾಟ, ಕರಡಿಯಲ್ಲಿ ತಲೆಯಾಟ.

ಇದಕ್ಕೆ ಇನ್ನೊಂದು ಕಾರಣವೂ ಇರಬಹುದು. ಕಲಂದರರು ಊರೂರು ತಿರುಗಿಸುತ್ತಿದ್ದ ಕುಣಿಯುವ ಕರಡಿಗಳ ಬಗ್ಗೆ ನಿನ್ನ ಅಜ್ಜ ಅಜ್ಜಿಯನ್ನು ಕೇಳು. ಮರಿಯಿದ್ದಾಗಲೇ ಕಾಯಿಸಿದ ಕಬ್ಬಿಣದಿಂದ ಮೂತಿಗೆ ತೂತು ಹಾಕಿ ಹಗ್ಗ ಪೋಣಿಸುತ್ತಿದ್ದರು, ಕೋರೆಹಲ್ಲು ಮುರಿಯುತ್ತಿದ್ದರು. ಹಾಗೆ ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಪುನರ್ವಸತಿ ಕೇಂದ್ರವಿದೆ. 2009ರಲ್ಲಿ ದೇಶದ ಕೊನೆಯ ಕುಣಿಯುವ ಕರಡಿಯೂ ಬಂದದ್ದು ಅಲ್ಲಿಗೇ. ಇಂಥ ಕರಡಿಗಳನ್ನು ಎಕರೆಗಟ್ಟಲೆ ಮರಗಳ ನಡುವೆ ಬಿಟ್ಟರೂ ಅವುಗಳಲ್ಲಿ ಕೆಲವು ವರ್ಷಗಟ್ಟಲೆ ತಲೆಯಾಡಿಸುತ್ತಲೇ ಇರುತ್ತವೆ. ಹಗ್ಗ ಹೋದರೂ ಹಗ್ಗದ ನೆನಪು ಮೈಯಿಂದ ಹೋಗಿರುವುದಿಲ್ಲ.

ನೀನು ನೋಡಿದ ಕರಡಿ ಇವೆರಡರಲ್ಲಿ ಯಾವುದು? ಒಂದು ನೋಟದಲ್ಲಿ ಯಾರೂ ಹೇಳಲಾರರು. ನಾವು ಕಂಡುಕೊಳ್ಳುತ್ತಿದ್ದದ್ದು ಹೀಗೆ: ಗಡಿಯಾರ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಐದೈದು ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದೆ ಎಂದು ಬರೆಯುವುದು. ಊಟಕ್ಕೆ ಒಂದು ಗಂಟೆ ಮುಂಚೆ ತಲೆಯಾಟ ಶುರುವಾಗಿ, ತೂತು ಕೊರೆದು ಜೇನು ತುಂಬಿದ ಮರದ ದಿಮ್ಮಿ ಇಟ್ಟ ದಿನ ಅದು ಕಡಿಮೆಯಾದರೆ ತೊಂದರೆ ಇರುವುದು ಈಗಿನ ಆವರಣದಲ್ಲಿ, ನಮ್ಮ ವ್ಯವಸ್ಥೆಯಲ್ಲಿ. ಅದನ್ನು ಸರಿಪಡಿಸುವುದು ನಮ್ಮ ಹೊಣೆ. ಏನು ಕೊಟ್ಟರೂ ಹೊತ್ತುಗೊತ್ತಿಲ್ಲದೆ ನಡೆಯುತ್ತಿದ್ದರೆ ಬಹುಶಃ ಅದು ಹಿಂದಿನ ಗಾಯ. ನಾನು ಕೆಲಸ ಮಾಡಿದ ಒಂದು ಕಡೆ ಒಂದು ಹೆಣ್ಣು ಕರಡಿಯ ಅಂಬಲಿಯನ್ನು ಎರಡು ಹೊತ್ತಿನ ಬದಲು ಆರು ಸಣ್ಣ ಪಾಲು ಮಾಡಿ, ಪ್ರತಿದಿನ ಬೇರೆ ಬೇರೆ ಜಾಗದಲ್ಲಿ ಬಚ್ಚಿಡಲು ಶುರುಮಾಡಿದೆವು. ಮೂರನೆಯ ವಾರಕ್ಕೆ ಅದು ಗೋಡೆಯ ಪಕ್ಕ ನಿಲ್ಲುವುದನ್ನು ಬಹುತೇಕ ಬಿಟ್ಟಿತು. ಅದೇ ಆವರಣದ ಇನ್ನೊಂದು ಕರಡಿ, ಮೂತಿಯಲ್ಲಿ ಹಳೆಯ ತೂತಿದ್ದದ್ದು, ಕೊನೆಯವರೆಗೂ ಬಿಡಲಿಲ್ಲ.

ನೋಡಲು ಎರಡೂ ಕರಡಿಗಳ ತಲೆಯಾಟ ಒಂದೇ ತರಹ ಇತ್ತು, ಆದರೆ ಒಂದರ ಮಟ್ಟಿಗೆ ಆವರಣ ತಪ್ಪು ಮಾಡಿತ್ತು, ಇನ್ನೊಂದರ ಮಟ್ಟಿಗೆ ಆವರಣವೇ ಆಸರೆಯಾಗಿತ್ತು. ಆದ್ದರಿಂದ ‘ಮೃಗಾಲಯ ಒಳ್ಳೆಯದೋ ಕೆಟ್ಟದ್ದೋ’ ಎಂದು ಒಟ್ಟಾರೆ ವಾದಿಸಬೇಡ. ‘ಈ ಪ್ರಾಣಿ ಇಲ್ಲಿ ಏಕಿದೆ?’ ಎಂದು ಒಂದೊಂದು ಪ್ರಾಣಿಯ ಬಗ್ಗೆ ಕೇಳು. ಆ ಪ್ರಶ್ನೆಯ ಮೇಲೆ ನಿಂತರೆ ಪರವಾಗಿ ಮಾತನಾಡಲು ಸುಳ್ಳಿನ ಅಗತ್ಯವೇ ಬೀಳುವುದಿಲ್ಲ.

ಇನ್ನು ನಿನ್ನ ಅಪ್ಪ ಬರೆದುಕೊಟ್ಟ ವಾಕ್ಯ. ಅದು ಅರ್ಧ ನಿಜ. 50ಕ್ಕೂ ಹೆಚ್ಚು ಜಾತಿಯ ಸಸ್ತನಿಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಹುಪಾಲು ಜಾತಿಗಳು ಕಾಡಿಗಿಂತ ಮೃಗಾಲಯದಲ್ಲಿ ಹೆಚ್ಚು ಕಾಲ ಬದುಕುವುದು ಕಂಡುಬಂತು. ಆದರೆ ಅದರ ಲಾಭ ಹೆಚ್ಚಾಗಿ ಸಿಕ್ಕಿದ್ದು ಅಲ್ಪಾಯುಷಿ ಜಾತಿಗಳಿಗೆ, ಅಂದರೆ ಬೇಗ ಬೆಳೆದು ಬೇಗ ಮರಿ ಹಾಕುವ, ಕಾಡಿನಲ್ಲಿ ಬೇಟೆಗೂ ಬರಕ್ಕೂ ಸುಲಭವಾಗಿ ತುತ್ತಾಗುವ ಪ್ರಾಣಿಗಳಿಗೆ. ನೀನು ಈ ವಾಕ್ಯವನ್ನು ಹಾಗೆಯೇ ಹೇಳಿದರೆ ಎದುರಾಳಿ ಎದ್ದು ನಿಂತು ಒಂದೇ ಪದ ಹೇಳುತ್ತಾರೆ: ಆನೆ.

ಏಕೆಂದರೆ ಆನೆಯ ಲೆಕ್ಕ ತಿರುವುಮುರುವಾಗಿದೆ. ಯುರೋಪಿನ ಮೃಗಾಲಯಗಳ ದಾಖಲೆಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯುಸ್ಸು 18.9 ವರ್ಷ. ಮಯನ್ಮಾರಿನ ಮರದ ಕೆಲಸದ ಹೆಣ್ಣಾನೆಗಳದ್ದು 41.7 ವರ್ಷ. ಗಮನಿಸು, ಇಲ್ಲಿ ಎರಡನೆಯವು ಸ್ವತಂತ್ರ ಆನೆಗಳೇನಲ್ಲ. ಹಗಲಿಡೀ ದಿಮ್ಮಿ ಎಳೆಯುವವು. ಆದರೆ ಕೆಲಸ ಮುಗಿದ ಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ, ರಾತ್ರಿ ತಮ್ಮ ಮೇವು ತಾವೇ ಹುಡುಕುತ್ತವೆ, ನಡೆಯುತ್ತವೆ, ಬೇರೆ ಆನೆಗಳ ಜೊತೆ ಸೇರುತ್ತವೆ. ನಮ್ಮ ದುಬಾರೆ, ಸಕ್ರೆಬೈಲಿನ ಶಿಬಿರಗಳಲ್ಲಿಯೂ ಮಾವುತರು ಆನೆಗಳನ್ನು ರಾತ್ರಿ ಕಾಡಿಗೆ ಬಿಡುವ ಪದ್ಧತಿ ಇದೆ. ಆನೆಗೆ ಬೇಕಾದದ್ದು ನಡಿಗೆ, ಮೇವಿನ ಹುಡುಕಾಟ, ಬಳಗ. ಆ ಮೂರನ್ನೂ ಕಂದಕ ತೋಡಿದ ಆವರಣದಲ್ಲಿ ಕೊಡುವುದು ಬಹಳ ಕಷ್ಟ. ನಮ್ಮ ದೇಶದ ಕೇಂದ್ರ ಮೃಗಾಲಯ ಪ್ರಾಧಿಕಾರವೇ 2009ರಲ್ಲಿ ಮೃಗಾಲಯ, ಸರ್ಕಸ್‌ಗಳ ಆನೆಗಳನ್ನು ಶಿಬಿರಗಳಿಗೆ ಸಾಗಿಸಬೇಕೆಂದು ಹೇಳಿತು. ಎಲ್ಲ ಕಡೆ ಅದು ಜಾರಿಗೆ ಬರಲಿಲ್ಲ. ಈ ವಿಷಯದಲ್ಲಿ ಎದುರು ತಂಡದವರ ಮಾತು ಗಟ್ಟಿ, ನಾನೂ ಅವರ ಜೊತೆಗಿದ್ದೇನೆ. ನೀನು ಆನೆಯನ್ನು ಸಮರ್ಥಿಸಲು ಹೋಗಬೇಡ.

ಬಿಳಿ ಹುಲಿಯನ್ನೂ ಸಮರ್ಥಿಸಬೇಡ. ಬಿಳಿ ಹುಲಿ ಬೇರೆ ಜಾತಿಯಲ್ಲ, ಅಪರೂಪದ ಒಂದು ವಂಶವಾಹಿಯಿಂದ ಬಣ್ಣ ಬದಲಾದ ನಮ್ಮದೇ ಹುಲಿ. 1951ರಲ್ಲಿ ರೇವಾದ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಗಂಡು ಮರಿಯನ್ನು ದೊಡ್ಡದಾದ ಮೇಲೆ ಅದರ ಮಗಳ ಜೊತೆಗೇ ಕೂಡಿಸಿದ್ದರಿಂದ 1958ರಲ್ಲಿ ಬಿಳಿ ಮರಿಗಳು ಹುಟ್ಟಿದವು. ಆ ಬಣ್ಣವನ್ನು ಉಳಿಸಿಕೊಳ್ಳಲು ರಕ್ತಸಂಬಂಧದೊಳಗೇ ಸಂತಾನ ಮಾಡಿಸುತ್ತಾ ಹೋದರು. ಮೆಳ್ಳೆಗಣ್ಣು ಮುಂತಾದ ದೋಷಗಳು ಹೀಗೆ ಬಂದವು. ಜನರನ್ನು ಸೆಳೆಯುವುದಕ್ಕಲ್ಲದೆ ಇದಕ್ಕೆ ಬೇರೆ ಉದ್ದೇಶವಿರಲಿಲ್ಲ.

ಈಗ ನಿನ್ನ ಬಲಕ್ಕೆ ಬರೋಣ. ‘ಕಾಡಿನಿಂದ ಹಿಡಿದು ತಂದು ಕೂಡಿಹಾಕುತ್ತಾರೆ’ ಎಂದು ಎದುರಾಳಿಗಳು ಖಂಡಿತ ಹೇಳುತ್ತಾರೆ. ಇದು ಹಳೆಯ ಕಾಲದ ಮಾತು. ಪ್ರದರ್ಶನಕ್ಕಾಗಿ ಹುಲಿ ಚಿರತೆಗಳನ್ನು ಹಿಡಿಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆ ಹಾಕಿದೆ. ಇಂದು ನಮ್ಮ ಮೃಗಾಲಯಗಳ ಪ್ರಾಣಿಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟಿದವು, ಬೇರೆ ಮೃಗಾಲಯಗಳಿಂದ ವಿನಿಮಯದಲ್ಲಿ ಬಂದವು, ಇಲ್ಲವೇ ಗಾಯಗೊಂಡು, ತಬ್ಬಲಿಯಾಗಿ, ಊರಿಗೆ ನುಗ್ಗಿ ಸಿಕ್ಕಿದವು.

‘ಹಾಗಾದರೆ ವಾಸಿಯಾದ ಮೇಲೆ ಬಿಟ್ಟುಬಿಡಿ’ ಎನ್ನುತ್ತಾರೆ. ಇದು ಕೇಳಲು ಎಷ್ಟು ಚೆಂದವೋ ಮಾಡಲು ಅಷ್ಟೇ ಕಷ್ಟ. ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯುವಾಗ ಗದ್ದೆಯಲ್ಲಿ ಚಿರತೆ ಮರಿಗಳು ಸಿಗುತ್ತವೆ. ಪಾಪ ತಬ್ಬಲಿ ಎಂದು ಜನ ಎತ್ತಿಕೊಳ್ಳುತ್ತಾರೆ. ನಿಜದಲ್ಲಿ ತಾಯಿ ಅಲ್ಲೇ ಎಲ್ಲೋ ಅಡಗಿರುತ್ತದೆ. ಅದಕ್ಕಾಗಿ ಈಗ ಅರಣ್ಯ ಸಿಬ್ಬಂದಿ ಮರಿಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಸಂಜೆ ಅದೇ ಜಾಗದಲ್ಲಿ ಇಡುತ್ತಾರೆ, ದೂರದಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಎಷ್ಟೋ ಸಲ ತಾಯಿ ರಾತ್ರಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಕೆಲವು ರಾತ್ರಿ ಕಾದರೂ ಬಾರದಿದ್ದರೆ ಮಾತ್ರ ಮರಿ ನಮ್ಮ ಬಳಿ ಬರುತ್ತದೆ. ಹಾಗೆ ಬಂದ ಒಂದು ಮರಿಗೆ ನಾನೇ ಎರಡು ಗಂಟೆಗೊಮ್ಮೆ ಬಾಟಲಿಯಲ್ಲಿ ಹಾಲು ಕುಡಿಸಿದ್ದೇನೆ. ಅದು ನನ್ನ ಚಪ್ಪಲಿಯ ಸದ್ದು ಕೇಳಿದರೆ ಓಡಿಬರುತ್ತಿತ್ತು. ಚಿರತೆಯ ಬದುಕೇ ಮನುಷ್ಯನ ಭಯದ ಮೇಲೆ ನಿಂತಿದೆ. ಆ ಭಯ ಕಳೆದುಕೊಂಡ, ತಾಯಿಯಿಂದ ಬೇಟೆ ಕಲಿಯದ ಚಿರತೆಯನ್ನು ಕಾಡಿಗೆ ಬಿಟ್ಟರೆ ಅದು ಹಸಿವಾದಾಗ ಓಡಿಬರುವುದು ಮನುಷ್ಯನ ಬಳಿಗೇ. ಆಮೇಲೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಆ ಮರಿಗೆ ಇದ್ದ ಆಯ್ಕೆ ಕಾಡು ಅಥವಾ ಮೃಗಾಲಯ ಆಗಿರಲಿಲ್ಲ. ಮೃಗಾಲಯ ಅಥವಾ ಸಾವು ಆಗಿತ್ತು.

ಇದಕ್ಕಿಂತ ದೊಡ್ಡ ಬಲ ಅರೇಬಿಯಾದ ಮರಳುಗಾಡಿನಲ್ಲಿದೆ. ಅಲ್ಲಿ ಆರಿಕ್ಸ್ ಎಂಬ ಬಿಳಿಯ ಜಿಂಕೆಯಂಥ ಪ್ರಾಣಿ ಇದೆ, ಕೋಲಿನಂತೆ ನೇರವಾದ ಉದ್ದ ಕೊಂಬು. ಮೋಟಾರು ವಾಹನ, ಬಂದೂಕು ಬಂದ ಮೇಲೆ ಅದರ ಸಂತತಿ ಮುಗಿಯುತ್ತಾ ಬಂತು. 1962ರಲ್ಲಿ ಒಂದು ತಂಡ ಅಲ್ಲಿಗೆ ಹೋಗಿ ನಾಲ್ಕನ್ನು ಹಿಡಿಯಿತು, ಒಂದು ಸತ್ತಿತು. ಉಳಿದ ಮೂರರ ಜೊತೆ ಲಂಡನ್ ಮೃಗಾಲಯದಿಂದ, ಕುವೈತ್‌ನಿಂದ, ಸೌದಿ ದೊರೆಯಿಂದ ಬಂದವನ್ನು ಸೇರಿಸಿ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂಬತ್ತರ ಹಿಂಡು ಕಟ್ಟಿದರು. 1972ರಲ್ಲಿ ಕಾಡಿನ ಕೊನೆಯ ಆರಿಕ್ಸ್‌ಗಳನ್ನು ಬೇಟೆಗಾರರು ಒಮಾನ್‌ನಲ್ಲಿ ಕೊಂದರು. ಅಂದಿನಿಂದ ಹತ್ತು ವರ್ಷ ಆ ಪ್ರಾಣಿ ಭೂಮಿಯ ಮೇಲೆ ಬೇಲಿಯೊಳಗಲ್ಲದೆ ಬೇರೆಲ್ಲೂ ಇರಲಿಲ್ಲ. 1982ರಲ್ಲಿ ಮೃಗಾಲಯದ ಸಂತತಿಯಿಂದಲೇ ಹತ್ತನ್ನು ಒಮಾನ್‌ನ ಮರಳುಗಾಡಿಗೆ ಬಿಟ್ಟರು. ಕಾಯಲು ನೇಮಿಸಿದ್ದು ಅಲ್ಲಿಯೇ ಒಂಟೆ, ಆಡು ಮೇಯಿಸುವ ಹರಾಸಿಸ್ ಬುಡಕಟ್ಟಿನವರನ್ನು. ಹಿಂಡು ನಾನೂರು ದಾಟಿತು.

ಇಲ್ಲಿಗೆ ನಿಲ್ಲಿಸಿದರೆ ನೀನು ಸಿಕ್ಕಿಬೀಳುತ್ತೀಯ, ಏಕೆಂದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 1996ರ ನಂತರ ಕಳ್ಳರು ಶ್ರೀಮಂತರ ಖಾಸಗಿ ಸಂಗ್ರಹಗಳಿಗಾಗಿ ಜೀವಂತ ಆರಿಕ್ಸ್‌ಗಳನ್ನು ಹಿಡಿದು ಮಾರತೊಡಗಿದರು. ಹಿಂಡು ಕುಸಿಯಿತು. ಆರಿಕ್ಸ್‌ಗಳಿದ್ದ ಅಭಯಾರಣ್ಯದ ವಿಸ್ತೀರ್ಣವನ್ನೇ ಒಮಾನ್ ಸರ್ಕಾರ ಶೇಕಡ 90ರಷ್ಟು ಕಡಿತ ಮಾಡಿದ ಮೇಲೆ 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು. ಆದರೆ ಅಷ್ಟರಲ್ಲಿ ಬೇರೆ ಅರಬ್ ದೇಶಗಳಲ್ಲಿಯೂ ಹಿಂಡುಗಳನ್ನು ಬಿಟ್ಟಿದ್ದರಿಂದ ಜಾತಿ ಉಳಿಯಿತು. 2011ರಲ್ಲಿ ಹೊರಗೆ ಸುಮಾರು ಒಂದು ಸಾವಿರ ಆರಿಕ್ಸ್‌ಗಳಿದ್ದವು. ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನ ಸುಧಾರಿಸಿತು. ಒಮ್ಮೆ ಕಾಡಿನಲ್ಲಿ ಅಳಿದುಹೋಗಿದ್ದ ಪ್ರಾಣಿ ಹೀಗೆ ಮೇಲೆ ಬಂದದ್ದು ಬಹಳ ಅಪರೂಪ. ಮೃಗಾಲಯ ಬೀಜವನ್ನು ಉಳಿಸಿಕೊಡಬಹುದು. ಹೊಲ ಕಾಯುವವರಿಲ್ಲದಿದ್ದರೆ ಆ ಬೀಜ ಬಿತ್ತಿ ಪ್ರಯೋಜನವಿಲ್ಲ. ಇದನ್ನು ನೀನೇ ಮೊದಲು ಹೇಳಿಬಿಟ್ಟರೆ ಎದುರಾಳಿಯ ಕೈಯಲ್ಲಿ ಆ ಬಾಣ ಉಳಿಯುವುದಿಲ್ಲ.

ನಿನ್ನ ಮುಂದೆ ಮೂರು ದಾರಿಗಳಿವೆ. ಮೃಗಾಲಯಗಳೆಲ್ಲ ಒಳ್ಳೆಯವು ಎನ್ನುವುದು ಒಂದು. ಆನೆಯ ಪ್ರಶ್ನೆಗೆ ಅದು ಬಿದ್ದುಹೋಗುತ್ತದೆ. ಅಳಿವಿನಂಚಿನ ಪ್ರಾಣಿಗಳನ್ನು ಉಳಿಸುತ್ತವೆ ಎಂಬುದೊಂದನ್ನೇ ಹಿಡಿದುಕೊಳ್ಳುವುದು ಇನ್ನೊಂದು. ‘ಹಾಗೆ ಮರಳಿ ಬಿಟ್ಟ ಜಾತಿಗಳು ಎಷ್ಟು? ಉಳಿದ ಜಿರಾಫೆ, ಜೀಬ್ರಾಗಳು ಏಕಿವೆ?’ ಎಂದರೆ ಉತ್ತರ ಕಷ್ಟ, ಏಕೆಂದರೆ ಆರಿಕ್ಸ್‌ನಂಥ ಉದಾಹರಣೆಗಳು ಬೆರಳೆಣಿಕೆಯಷ್ಟು. ಮೂರನೆಯದು, ಮೃಗಾಲಯವನ್ನು ಸಮರ್ಥಿಸುವ ಕಾರಣಗಳು ಯಾವುವು ಎಂದು ನೀನೇ ಗೆರೆ ಎಳೆದು, ಆ ಗೆರೆಯೊಳಗೆ ಗಟ್ಟಿಯಾಗಿ ನಿಲ್ಲುವುದು. ಇದರಲ್ಲೂ ಅಪಾಯವಿದೆ. ‘ನೀವೇ ಒಪ್ಪಿಕೊಂಡಿರಿ’ ಎಂದು ಎದುರಾಳಿ ಕೂಗಬಹುದು, ಅವಸರದ ತೀರ್ಪುಗಾರರು ಅಂಕ ಕಡಿಯಬಹುದು. ಹಾಗಾಗಿ ಒಪ್ಪಿಕೊಳ್ಳುವ ಮಾತಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಡಬೇಡ, ಅದನ್ನು ಕೊನೆಯಲ್ಲಿಯೂ ಇಡಬೇಡ. ನಾನಾಗಿದ್ದರೆ ಈ ಮೂರನೆಯ ದಾರಿಯನ್ನೇ ಹಿಡಿಯುತ್ತಿದ್ದೆ.

ಪೂರ್ತಿ ಭಾಷಣ ಬರೆದುಕೊಟ್ಟರೆ ವೇದಿಕೆಯ ಮೇಲೆ ನಿನ್ನ ಬಾಯಿಂದ ನಾನು ಮಾತನಾಡಿದಂತಾಗುತ್ತದೆ. ಆರಂಭ ಹೇಗಿರಬಹುದು ಎಂದು ಮಾತ್ರ ತೋರಿಸುತ್ತೇನೆ, ನಿನ್ನ ಮಾತಿಗೆ ತಿರುಗಿಸಿಕೋ:

‘ಮಾನ್ಯ ತೀರ್ಪುಗಾರರೇ, ಕಳೆದ ತಿಂಗಳು ನಾನು ಒಂದು ಕರಡಿಯನ್ನು ನೋಡಿದೆ. ಅದು ತಲೆಯಾಡಿಸುತ್ತಿತ್ತು. ನನ್ನ ಗೆಳತಿಯರು ನಕ್ಕರು, ನನಗೆ ಅಳು ಬಂತು. ಆದರೂ ನಾನು ಈ ವಿಷಯದ ಪರವಾಗಿ ನಿಂತಿದ್ದೇನೆ. ಏಕೆಂದರೆ ಅಂದು ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿರಲಿಲ್ಲ: ಈ ಕರಡಿ ಇಲ್ಲಿಗೆ ಹೇಗೆ ಬಂತು? ಮೂತಿಗೆ ಹಗ್ಗ ಪೋಣಿಸಿ, ಹಲ್ಲು ಮುರಿದು, ಬೀದಿಯಲ್ಲಿ ಕುಣಿಸಿದ ಕರಡಿಗಳು ನಮ್ಮ ದೇಶದಲ್ಲಿದ್ದವು. ಕೋರೆಹಲ್ಲಿಲ್ಲದ ಕರಡಿಗೆ ಕಾಡು ಮರಳಿ ಮನೆಯಾಗುವುದಿಲ್ಲ. ಅದಕ್ಕೆ ಒಂದು ಜಾಗ ಬೇಕು. ಕಾಡಿಗೆ ಮರಳಲಾರದ ಪ್ರಾಣಿಗೆ ಆಸರೆ ಕೊಡುವ ಮೃಗಾಲಯವನ್ನು, ಕಾಡಿನಲ್ಲಿ ಅಳಿದ ಪ್ರಾಣಿಯ ಸಂತತಿಯನ್ನು ಮರಳಿ ಕಾಡಿಗೆ ಕೊಡುವ ಮೃಗಾಲಯವನ್ನು ನಾನು ಸಮರ್ಥಿಸುತ್ತೇನೆ. ಬಣ್ಣಕ್ಕಾಗಿ ಬೆಳೆಸಿದ ಬಿಳಿ ಹುಲಿಯನ್ನು, ನಡೆಯಲು ನೆಲವಿಲ್ಲದ ಆನೆಯನ್ನು ನಾನು ಸಮರ್ಥಿಸುವುದಿಲ್ಲ. ಅವನ್ನು ತಪ್ಪು ಎನ್ನಲು ಎದುರು ತಂಡದವರ ಅಗತ್ಯವಿಲ್ಲ, ನಾನೇ ಹೇಳುತ್ತೇನೆ.’

ಇದಾದ ಮೇಲೆ ಚಿರತೆ ಮರಿಗೆ ಒಂದು ನಿಮಿಷ, ಆರಿಕ್ಸ್‌ಗೆ ಒಂದೂವರೆ ನಿಮಿಷ. ನಾಲ್ಕು ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಪ್ರಾಣಿಗಳನ್ನು ತರಬೇಡ. ಹತ್ತು ಹೆಸರು ಹೇಳುವ ಹುಡುಗರನ್ನು ನಾನು ತೀರ್ಪುಗಾರನಾಗಿ ಕೂತು ಕೇಳಿದ್ದೇನೆ, ಒಂದೂ ನೆನಪಿಲ್ಲ.

ಪ್ರತಿವಾದದಲ್ಲಿ ನೀನು ಹೆದರಬೇಕಾದ ಪ್ರಶ್ನೆ ಒಂದಿದೆ. ‘2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಎರಡು ಗೊರಿಲ್ಲಾಗಳು ಬಂದವು. ಅವು ಗಾಯಗೊಂಡವಲ್ಲ, ಆಫ್ರಿಕಾಕ್ಕೆ ಮರಳುವುದೂ ಇಲ್ಲ. ಎರಡೂ ಗಂಡು, ಅದರಲ್ಲೂ ಅಣ್ಣ ತಮ್ಮ. ಮರಿಯೂ ಆಗದು. ನಿಮ್ಮ ಗೆರೆಯ ಯಾವ ಕಡೆ ಅವು?’ ತಿಳಿದವರು ಇದನ್ನು ಕೇಳಿಯೇ ಕೇಳುತ್ತಾರೆ. ಇದಕ್ಕೆ ಉತ್ತರವಿದೆ, ಆದರೆ ಪೂರ್ಣವಲ್ಲ. ಗೊರಿಲ್ಲಾ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಒಂದು ಕುಟುಂಬದಲ್ಲಿ ಸಾಮಾನ್ಯವಾಗಿ ಬೆನ್ನು ಬೆಳ್ಳಗಾದ ಒಂದೇ ಹಿರಿಯ ಗಂಡು. ಉಳಿದ ಗಂಡುಗಳು ಬೆಳೆದಂತೆ ಕುಟುಂಬದಲ್ಲಿ ಜಗಳ ಏಳುತ್ತದೆ. ಕಾಡಿನಲ್ಲಿಯೂ ಬೆಳೆದ ಗಂಡುಗಳು ಮನೆ ಬಿಟ್ಟು ಹೊರಗೆ ಹೋಗುತ್ತವೆ. ಹಾಗಾಗಿ ಅಪಾಯದಲ್ಲಿರುವ ಈ ಜಾತಿಯ ಕುಟುಂಬಗಳನ್ನು ಯುರೋಪಿನಲ್ಲಿ ಉಳಿಸಿಕೊಳ್ಳಬೇಕಾದರೆ ಈ ಹೆಚ್ಚುವರಿ ಗಂಡುಗಳಿಗೆ ಎಲ್ಲಾದರೂ ಜಾಗ ಬೇಕು. ಒಂಟಿಯಾಗಿ ಇಡುವುದಕ್ಕಿಂತ ಅಣ್ಣ ತಮ್ಮಂದಿರನ್ನು ಜೊತೆಯಾಗಿ ಇಡುವುದು ಒಳ್ಳೆಯದು. ಇಷ್ಟು ಹೇಳಿದ ಮೇಲೆ ಅವು ಟಿಕೆಟ್ ಮಾರಾಟಕ್ಕೂ ನೆರವಾಗುತ್ತವೆ ಎಂಬುದನ್ನು ಒಪ್ಪಿಕೋ. ಮುಚ್ಚಿಡಬೇಡ.

‘ಮಕ್ಕಳಿಗೆ ಜ್ಞಾನ ಸಿಗುತ್ತದೆ’ ಎಂಬ ವಾದವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಚಿರತೆಯ ಆವರಣದ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಒಂದು ಭಾನುವಾರ ನಾನೇ ಗಡಿಯಾರ ಹಿಡಿದು ನೋಡಿದೆ. ಹೆಚ್ಚಿನ ಕುಟುಂಬಗಳು ಎರಡು ನಿಮಿಷವೂ ನಿಲ್ಲಲಿಲ್ಲ. ಫಲಕ ಓದಿದವರು ವಿರಳ. ನಿನ್ನ ಗೆಳತಿಯರು ನಕ್ಕಾಗ ಪಕ್ಕದಲ್ಲಿ ನಿಂತು ಅದು ಕುಣಿತವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲವಲ್ಲ. ಆ ಒಬ್ಬ ಮನುಷ್ಯ ಅಲ್ಲಿ ಇಲ್ಲದಿರುವವರೆಗೆ ಈ ವಾದಕ್ಕೆ ಕಾಲಿಲ್ಲ.

ಸ್ಪರ್ಧೆಗೆ ಇನ್ನೂ ದಿನಗಳಿದ್ದರೆ ಒಂದು ಕೆಲಸ ಮಾಡು. ಆ ಮೃಗಾಲಯಕ್ಕೆ ಅಪ್ಪನ ಜೊತೆ ಮತ್ತೊಮ್ಮೆ ಹೋಗು, ವಾರದ ರಜೆಯ ದಿನ ಯಾವುದೆಂದು ಮೊದಲೇ ಕೇಳಿಕೊಂಡು. ಊಟದ ಹೊತ್ತಿಗೆ ಒಂದು ಗಂಟೆ ಮುಂಚೆ ಕರಡಿಯ ಮುಂದೆ ನಿಂತು ಐದೈದು ನಿಮಿಷಕ್ಕೊಮ್ಮೆ ಬರೆದುಕೋ, ಊಟವಾದ ಮೇಲೂ ಒಂದು ಗಂಟೆ ಬರೆದುಕೋ. ಮೂತಿಯ ಮೇಲೆ ಹಳೆಯ ಗಾಯದ ಗುರುತಿದೆಯೇ ನೋಡು. ಅಂಬಲಿ ತರುವ ಪ್ರಾಣಿಪಾಲಕರು ಸಿಕ್ಕಿದರೆ, ‘ಅಣ್ಣಾ, ಇದು ಎಲ್ಲಿಂದ ಬಂತು, ಯಾವಾಗ ಬಂತು?’ ಎಂದು ಕೇಳು. ಅವರಿಗೆ ಎಲ್ಲವೂ ಗೊತ್ತಿರುತ್ತದೆ, ಕೇಳುವವರೇ ಇರುವುದಿಲ್ಲ. ಅವರು ಏನು ಹೇಳಿದರೂ, ಅದು ನಿನ್ನ ಪಕ್ಷಕ್ಕೆ ಅನುಕೂಲವಾಗಿರಲಿ ಬಿಡಲಿ, ಭಾಷಣದ ಮೊದಲ ಸಾಲಿನಲ್ಲಿ ‘ಒಂದು ಕರಡಿ’ ಎಂದಿರುವ ಕಡೆ ಆ ಕರಡಿಯ ಹೆಸರನ್ನೇ ಹಾಕು.